ಸೇವಾಪುಟಗಳ ವಿಷಯಯೋಜನೆ: ಒಂದು ಪ್ರಶ್ನೆಗೆ ಒಂದು ಪುಟ

ಸೇವಾಪುಟಗಳ ವಿಷಯಯೋಜನೆ: ಒಂದು ಸಂಸ್ಥೆ ತಾನು ಮಾಡಿಕೊಡುವ ಕೆಲಸಗಳ ಬಗ್ಗೆ ತನ್ನ ಜಾಲತಾಣದಲ್ಲಿ ಇಡುವ ಪುಟಗಳನ್ನು ಗ್ರಾಹಕರ ಪ್ರಶ್ನೆಗಳಿಗೆ ಅನುಸಾರವಾಗಿ ವಿಂಗಡಿಸಿ, ಒಂದೊಂದು ಪುಟಕ್ಕೂ ಒಂದೇ ಪ್ರಶ್ನೆಯನ್ನು ಒಪ್ಪಿಸುವ ಕ್ರಮ. ಒಂದು ಪ್ರಶ್ನೆಗೆ ಎರಡು ಪುಟ ಇರಬಾರದು, ಒಂದು ಪುಟದ ಮೇಲೆ ಎರಡು ಪ್ರಶ್ನೆಯ ಹೊರೆ ಬೀಳಬಾರದು ಎಂಬುದು ಇದರ ಮೂಲ ನಿಯಮ. ಹೇಳುವುದಕ್ಕೆ ಸುಲಭವಾದ ಈ ನಿಯಮವನ್ನು ಪಾಲಿಸುವುದು ಕಷ್ಟ. ಸಂಸ್ಥೆ ತನ್ನ ಕೆಲಸಗಳನ್ನು ಹೆಸರಿನಿಂದ ಎಣಿಸುತ್ತದೆ, ಗ್ರಾಹಕನೋ ತನ್ನ ತೊಂದರೆಯನ್ನು ಹೇಳಿಕೊಂಡು ಬರುತ್ತಾನೆ. ಈ ಎರಡು ಪಟ್ಟಿಗಳು ಹೊಂದುವುದು ಅಪರೂಪ. ಸೇವೆಯ ಹೆಸರಿಗೊಂದು, ಊರಿಗೊಂದು, ಹುಡುಕು ಪದಕ್ಕೊಂದು ಎಂದು ಪುಟ ಮಾಡುತ್ತ ಹೋದರೆ ಒಂದೇ ಉತ್ತರ ನಾಲ್ಕು ಕಡೆ ಹರಡಿಕೊಂಡು, ಯಾವುದೂ ಪೂರ್ಣವಾಗದೆ ಉಳಿಯುತ್ತದೆ. ಹುಡುಕು ಯಂತ್ರದ ಕೆಲಸದಲ್ಲಿ ತೊಡಗಿದವರು ಈ ಸ್ಥಿತಿಯನ್ನು ‘ಕೀವರ್ಡ್ ಕ್ಯಾನಿಬಲೈಸೇಶನ್’ ಎನ್ನುತ್ತಾರೆ. ಒಂದೇ ತಾಣದ ಪುಟಗಳು ಒಂದೇ ಹುಡುಕಾಟಕ್ಕಾಗಿ ತಮ್ಮತಮ್ಮಲ್ಲೇ ಪೈಪೋಟಿಗೆ ಇಳಿಯುವುದು ಎಂದರ್ಥ.

ಹಿನ್ನೆಲೆ

ಜಾಲ ಹುಡುಕಾಟದ ಹಿಂದೆ ಇರುವ ಉದ್ದೇಶವನ್ನು ವಿಂಗಡಿಸಿ ತೋರಿಸಿದ ಮೊದಲ ಪ್ರಮುಖ ಬರಹ 2002ರಲ್ಲಿ ಆಂಡ್ರೇ ಬ್ರೋಡರ್ ಪ್ರಕಟಿಸಿದ್ದು. ಜನ ಹುಡುಕುವುದು ಮೂರು ಬಗೆಯಲ್ಲಿ ಎಂದು ಅವರು ಹೇಳಿದರು: ಏನನ್ನೋ ತಿಳಿಯಲು, ಗೊತ್ತಿರುವ ತಾಣವೊಂದಕ್ಕೆ ಹೋಗಲು, ಯಾವುದೋ ಕೆಲಸ ಮಾಡಿ ಮುಗಿಸಲು. ಆ ಕಾಲದ ಪುಟ ರಚನೆ ಮಾತ್ರ ಪದಗಳ ಹಿಂದೆಯೇ ಓಡುತ್ತಿತ್ತು. ‘ದರ’, ‘ಬೆಲೆ’, ‘ಖರ್ಚು’ ಎಂಬ ಮೂರು ಪದಕ್ಕೆ ಮೂರು ಪುಟ ಮಾಡಿದರೆ ಮೂರು ಕಡೆಯಿಂದ ಜನ ಬರುತ್ತಾರೆ ಎಂಬ ಲೆಕ್ಕ ಒಂದಷ್ಟು ಕಾಲ ಫಲ ಕೊಟ್ಟಿದ್ದೂ ನಿಜ. 2011ರ ಫೆಬ್ರವರಿಯಲ್ಲಿ ಗೂಗಲ್ ಜಾರಿಗೆ ತಂದ ‘ಪಾಂಡಾ’ ಬದಲಾವಣೆ ತಿರುಳಿಲ್ಲದ, ಒಂದರ ಪಡಿಯಚ್ಚಿನಂತಿರುವ ಪುಟಗಳಿರುವ ತಾಣಗಳನ್ನು ಕೆಳಗೆ ತಳ್ಳಿತು. 2013ರ ‘ಹಮ್ಮಿಂಗ್‌ಬರ್ಡ್’ ಬಿಡಿಪದಗಳಿಗಿಂತ ಇಡೀ ಪ್ರಶ್ನೆಯ ಅರ್ಥಕ್ಕೆ ಒತ್ತು ಕೊಟ್ಟಿತು. ಅಲ್ಲಿಂದಾಚೆಗೆ ಪದ ಬೇರೆಯಾದರೂ ಪ್ರಶ್ನೆ ಒಂದೇ ಆಗಿದ್ದರೆ ಒಂದು ಗಟ್ಟಿ ಪುಟ ಸಾಕು ಎಂಬುದು ಸ್ಪಷ್ಟವಾಯಿತು.

ಈ ವಿಚಾರವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ್ದು ಹುಡುಕು ಯಂತ್ರದ ತಜ್ಞರಲ್ಲ, ಬ್ರಿಟನ್ ಸರ್ಕಾರದ ಡಿಜಿಟಲ್ ಸೇವಾ ವಿಭಾಗ. 2012ರ ಅಕ್ಟೋಬರ್ 17ರಂದು ಡೈರೆಕ್ಟ್‌ಗವ್ ಮತ್ತು ಬಿಸಿನೆಸ್ ಲಿಂಕ್ ಎಂಬ ಎರಡು ಹಳೆಯ ತಾಣಗಳ ಜಾಗಕ್ಕೆ GOV.UK ಬಂದಿತು. ಇಲಾಖೆಗೆ ಹೇಳಬೇಕೆನಿಸಿದ್ದನ್ನು ಪ್ರಕಟಿಸುವ ಪದ್ಧತಿಯನ್ನು ಕೈಬಿಟ್ಟು, ಪ್ರತಿ ಪುಟಕ್ಕೂ ಒಂದು ಲಿಖಿತ ‘ಬಳಕೆದಾರನ ಅಗತ್ಯ’ ಇರಬೇಕೆಂದು ಆ ವಿಭಾಗ ಗೊತ್ತುಪಡಿಸಿತು. ಅದರ ನಮೂನೆ ಸರಳ: ಇಂಥವನಾಗಿ, ನನಗೆ ಇಂಥದು ಬೇಕು, ಇಂಥ ಕೆಲಸ ಆಗುವುದಕ್ಕಾಗಿ. ಈ ಮೂರು ಖಾಲಿ ಜಾಗ ತುಂಬಲು ಬಾರದ ಪುಟಕ್ಕೆ ಹೊಸ ತಾಣದಲ್ಲಿ ಎಡೆಯಿರಲಿಲ್ಲ. ಹಳೆಯ ವಿಳಾಸಗಳನ್ನು ಸರಿಸಮವಾದ ಹೊಸ ಪುಟಕ್ಕೆ ತಿರುಗಿಸಲಾಯಿತು, ಸರಿಸಮವಾದದ್ದು ಇಲ್ಲದ ಕಡೆ ಪುಟ ತೆಗೆಯಲಾಗಿದೆ ಎಂದು ತಿಳಿಸಿ ರಾಷ್ಟ್ರೀಯ ಪತ್ರಾಗಾರದ ಪ್ರತಿಯತ್ತ ದಾರಿ ತೋರಿಸಲಾಯಿತು. ಖಾಸಗಿ ಸೇವಾಪುಟಗಳ ಯೋಜನೆಯಲ್ಲಿ ಇಂದು ಬಳಕೆಯಲ್ಲಿರುವ ಕ್ರಮಗಳಲ್ಲಿ ಹಲವು ಈ ಕೆಲಸದಲ್ಲೇ ಹದಗೊಂಡವು.

ಪ್ರಶ್ನೆ ಒಂದೋ ಎರಡೋ ಎಂಬ ನಿರ್ಣಯ

ಇಡೀ ಯೋಜನೆ ನಿಂತಿರುವುದು ಈ ನಿರ್ಣಯದ ಮೇಲೆ. ಎರಡು ವಾಕ್ಯ ಬೇರೆ ಬೇರೆ ಕಂಡ ಮಾತ್ರಕ್ಕೆ ಪ್ರಶ್ನೆ ಎರಡಾಗುವುದಿಲ್ಲ. ‘ಬೋರ್ ಕೊರೆಸಲು ಎಷ್ಟಾಗುತ್ತೆ’ ಎಂದು ಕೇಳುವವನಿಗೂ ‘ಅಡಿಗೆ ರೇಟ್ ಎಷ್ಟು’ ಎಂದು ಕೇಳುವವನಿಗೂ ಕೊಡುವ ಉತ್ತರ ಒಂದೇ. ಹಾಗಾಗಿ ಮೊದಲು ನೋಡಬೇಕಾದದ್ದು ಉತ್ತರ ಬದಲಾಗುತ್ತದೆಯೇ ಎಂಬುದನ್ನು. ಉತ್ತರ ಬದಲಾಗದಿದ್ದರೆ ಪುಟವೂ ಒಂದೇ.

ಕೆಲವೊಮ್ಮೆ ಉತ್ತರದ ಬಹುಪಾಲು ಒಂದೇ ಇದ್ದರೂ ಓದಿದವನು ಮುಂದೆ ಮಾಡಬೇಕಾದ ಕೆಲಸ ಬೇರೆಯಾಗಿರುತ್ತದೆ. ಒಬ್ಬ ಈಗಲೇ ಫೋನ್ ಮಾಡಬೇಕು, ಇನ್ನೊಬ್ಬ ಮೊದಲು ಕಚೇರಿಯೊಂದಕ್ಕೆ ಅರ್ಜಿ ಹಾಕಬೇಕು. ಆಗ ಪುಟ ಬೇರೆ ಮಾಡುವುದು ಸರಿ. ಈ ಎರಡರಿಂದಲೂ ತೀರ್ಮಾನವಾಗದಿದ್ದರೆ ಎರಡೂ ಪ್ರಶ್ನೆಗಳನ್ನು ಹುಡುಕು ಯಂತ್ರದಲ್ಲಿ ಬೇರೆ ಬೇರೆಯಾಗಿ ಕೇಳಿ ಮೊದಲ ಹತ್ತು ಫಲಿತಾಂಶಗಳನ್ನು ಪಕ್ಕಪಕ್ಕ ಇಟ್ಟು ನೋಡುವ ರೂಢಿಯಿದೆ. ಹೆಚ್ಚಿನ ಪುಟಗಳು ಎರಡೂ ಪಟ್ಟಿಯಲ್ಲಿ ಬಂದರೆ ಯಂತ್ರ ಅವನ್ನು ಒಂದೇ ಪ್ರಶ್ನೆಯೆಂದು ತಿಳಿದಿದೆ ಎಂದು ಊಹಿಸಬಹುದು. ಈ ಮೂರನೆಯ ಪರೀಕ್ಷೆಯನ್ನೇ ಮೊದಲಿಗೆ ಇಡುವವರು ಹೆಚ್ಚು, ಏಕೆಂದರೆ ಅದನ್ನು ಸಾಫ್ಟ್‌ವೇರ್‌ನಿಂದ ಮಾಡಿಸಬಹುದು. ಕನ್ನಡದ ಮಟ್ಟಿಗೆ ಅದು ಸರಿಯಲ್ಲ. ಕನ್ನಡದಲ್ಲಿ ಅನೇಕ ಸೇವೆಗಳ ಬಗ್ಗೆ ಒಳ್ಳೆಯ ಪುಟಗಳೇ ಕಡಿಮೆ ಇರುವುದರಿಂದ, ಬೇರೆ ಬೇರೆ ಪ್ರಶ್ನೆಗೂ ಅವೇ ನಾಲ್ಕು ಪುಟಗಳು ತಿರುಗಿ ಬರುತ್ತವೆ. ಫಲಿತಾಂಶ ಒಂದೇ ಬಂತೆಂದು ಪ್ರಶ್ನೆಯೂ ಒಂದೇ ಎಂದುಕೊಂಡರೆ, ಯಾರೂ ಉತ್ತರಿಸದ ಒಂದು ಪ್ರಶ್ನೆಯನ್ನು ನಾವೂ ಬಿಟ್ಟಂತಾಗುತ್ತದೆ.

ಪ್ರಶ್ನೆಗಳನ್ನು ಎಲ್ಲಿಂದ ತರಬೇಕು ಎಂಬುದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಗೂಗಲ್ ಸರ್ಚ್ ಕನ್ಸೋಲ್ ಒಂದು ತಾಣಕ್ಕೆ ಜನರನ್ನು ತಂದ ಹುಡುಕಾಟಗಳನ್ನು 16 ತಿಂಗಳವರೆಗೆ ತೋರಿಸುತ್ತದೆ. ಆದರೆ ತೀರ ಕಡಿಮೆ ಜನ ಕೇಳಿದ ಹುಡುಕಾಟಗಳನ್ನು ಖಾಸಗಿತನದ ಕಾರಣಕ್ಕೆ ಮರೆಮಾಡುತ್ತದೆ. ಸಣ್ಣ ಊರಿನ ಸಣ್ಣ ಸಂಸ್ಥೆಯ ಪುಟಕ್ಕೆ ಬರುವ ಪ್ರಶ್ನೆಗಳು ಬಹುಮಟ್ಟಿಗೆ ಇಂಥವೇ. ಅಲ್ಲಿ ನಂಬಬೇಕಾದದ್ದು ಫೋನ್ ಎತ್ತುವವರ ನೆನಪು ಮತ್ತು ವಾಟ್ಸಾಪ್‌ಗೆ ಬಂದ ಸಂದೇಶಗಳು. ಒಂದು ತಿಂಗಳು ಬಂದ ಕರೆಗಳ ಮೊದಲ ವಾಕ್ಯವನ್ನು ಕೇಳಿದವರ ಮಾತಿನಲ್ಲೇ ಬರೆದಿಟ್ಟರೆ ಯಾವ ಉಪಕರಣವೂ ಕೊಡದ ಪಟ್ಟಿ ಕೈಗೆ ಸಿಗುತ್ತದೆ.

ಒಂದು ಉದಾಹರಣೆ: ಬೋರ್‌ವೆಲ್ ಸಂಸ್ಥೆಯ ಹದಿನೆಂಟು ಪುಟಗಳು

ತುಮಕೂರು ಜಿಲ್ಲೆಯಲ್ಲಿ ಬೋರ್‌ವೆಲ್ ಕೊರೆದುಕೊಡುವ ಒಂದು ಸಂಸ್ಥೆಯನ್ನು ಊಹಿಸಿಕೊಳ್ಳೋಣ. ಅದರ ತಾಣದಲ್ಲಿ 18 ಸೇವಾಪುಟಗಳಿವೆ. ಸೇವೆಗಳ ಪಟ್ಟಿಯ ಪುಟ ಒಂದು. ಕೆಲಸದ ಬಗ್ಗೆ ‘ಬೋರ್‌ವೆಲ್ ಕೊರೆತ’, ‘ಕೊಳವೆಬಾವಿ ನಿರ್ಮಾಣ’, ‘ಕೃಷಿ ಬೋರ್‌ವೆಲ್’, ‘ಮನೆ ಬೋರ್‌ವೆಲ್’ ಎಂದು ನಾಲ್ಕು. ಹಣದ ಬಗ್ಗೆ ‘ಬೋರ್‌ವೆಲ್ ದರ’, ‘ತುಮಕೂರು ಬೋರ್‌ವೆಲ್ ದರ’, ‘ಈ ವರ್ಷದ ಅಡಿ ದರ’, ‘ಕೇಸಿಂಗ್ ಪೈಪ್’ ಎಂದು ನಾಲ್ಕು. ಹಳೆಯ ಬೋರಿನ ಬಗ್ಗೆ ‘ಫ್ಲಶಿಂಗ್’, ‘ಬೋರ್ ಕ್ಲೀನಿಂಗ್’, ‘ರೀಬೋರ್’ ಎಂದು ಮೂರು. ‘ಮೋಟಾರ್ ಎತ್ತುವುದು’, ‘ಪಾಯಿಂಟ್ ಹಾಕುವುದು’ ಎಂದು ಎರಡು. ಇವುಗಳ ಜೊತೆಗೆ ತಿಪಟೂರು, ಶಿರಾ, ಗುಬ್ಬಿ, ಪಾವಗಡ ಎಂದು ಊರಿನ ಹೆಸರಿನ ನಾಲ್ಕು ಪುಟಗಳು.

ಹಣದ ಪುಟಗಳಿಂದ ತೊಡಗಿದರೆ, ಮೊದಲ ಮೂರು ಒಂದೇ ಪ್ರಶ್ನೆಯೆಂಬುದು ತಾನಾಗಿಯೇ ಕಾಣುತ್ತದೆ. ಕೇಸಿಂಗ್ ಪುಟ ಬೇರೆಯಂತೆ ತೋರುತ್ತದೆ, ಏಕೆಂದರೆ ಸಂಸ್ಥೆಯ ಲೆಕ್ಕದಲ್ಲಿ ಅದು ಬೇರೆ ಸಾಮಾನು. ಗ್ರಾಹಕನ ಕಡೆಯಿಂದ ನೋಡಿದರೆ ಕೇಸಿಂಗ್ ಎಂಬ ಮಾತು ಬರುವುದು ಬಿಲ್ಲು ನೋಡಿದಾಗ: ‘ಅಡಿಗೆ ಇಷ್ಟು ಅಂದ್ರಿ, ಇದು ಯಾಕೆ ಜಾಸ್ತಿ?’ ಮೇಲಿನ ಸಡಿಲ ಮಣ್ಣು ಕುಸಿಯದಂತೆ ಗಟ್ಟಿ ಬಂಡೆ ಸಿಗುವವರೆಗೆ ಪೈಪ್ ಇಳಿಸಬೇಕಾಗುತ್ತದೆ. ಎಷ್ಟು ಅಡಿಗೆ ಬಂಡೆ ಸಿಗುತ್ತದೆ ಎಂಬುದು ಕೊರೆಯುವವರೆಗೂ ಖಚಿತವಿಲ್ಲ. ಜೊತೆಗೆ ಆಳ ಹೆಚ್ಚಿದಂತೆ ಅಡಿಯ ದರವೂ ಏರುತ್ತದೆ. ಲೆಕ್ಕ ತೋರಿಸುವುದಕ್ಕಷ್ಟೇ ಅಂಕಿಗಳನ್ನು ಇಟ್ಟುಕೊಳ್ಳೋಣ. ಮೊದಲ 300 ಅಡಿಗೆ ಅಡಿಯೊಂದಕ್ಕೆ 100 ರೂಪಾಯಿ, ಮುಂದಿನ ನೂರಕ್ಕೆ 110, ಅದರಾಚೆಯ ನೂರಕ್ಕೆ 120. ಹಾಗಾದರೆ 500 ಅಡಿ ಕೊರೆಯಲು 30,000, 11,000 ಮತ್ತು 12,000 ಸೇರಿ 53,000 ರೂಪಾಯಿ. ಕೇಸಿಂಗ್ 60 ಅಡಿ ಬೇಕಾಗಿ, ಅಡಿಗೆ 400 ರೂಪಾಯಿಯಾದರೆ ಇನ್ನೊಂದು 24,000. ಒಟ್ಟು 77,000. ಅಂದರೆ ನೂರು ರೂಪಾಯಿ ಎಂದು ಕೇಳಿ ಬಂದವನ ಪಾಲಿಗೆ ಅಡಿಗೆ 154 ರೂಪಾಯಿ ಬಿದ್ದಂತಾಯಿತು. ಕೇಸಿಂಗ್ ಇಲ್ಲದ ದರದ ಪುಟ ಅರ್ಧ ಉತ್ತರ, ದರವಿಲ್ಲದ ಕೇಸಿಂಗ್ ಪುಟ ಯಾರೂ ಕೇಳದ ಉತ್ತರ. ನಾಲ್ಕನ್ನೂ ಕೂಡಿಸಿ, ಈ ಲೆಕ್ಕವನ್ನೇ ಮಧ್ಯಕ್ಕಿಟ್ಟ ಒಂದು ಪುಟ ಮಾಡಿದರೆ ‘ನನ್ನ ಜಾಗದಲ್ಲಿ ಕೊರೆಸಲು ಒಟ್ಟು ಎಷ್ಟಾಗುತ್ತದೆ’ ಎಂಬ ಪ್ರಶ್ನೆಗೆ ಪೂರ್ತಿ ಜವಾಬು ಸಿಗುತ್ತದೆ.

ಹಳೆಯ ಬೋರಿನ ಮೂರು ಪುಟಗಳು ಇದಕ್ಕಿಂತ ಸೂಕ್ಷ್ಮವಾದ ವಿಷಯ. ಫ್ಲಶಿಂಗ್ ಮತ್ತು ಕ್ಲೀನಿಂಗ್ ಒಂದೇ ಕೆಲಸದ ಎರಡು ಹೆಸರು: ಕಂಪ್ರೆಸರ್ ಗಾಳಿ ಬಿಟ್ಟು ಒಳಗೆ ತುಂಬಿದ ಕೆಸರನ್ನು ಹೊರಹಾಕುವುದು. ರೀಬೋರ್ ಎಂದರೆ ಇರುವ ಬೋರನ್ನೇ ಇನ್ನಷ್ಟು ಆಳಕ್ಕೆ ಕೊರೆಯುವುದು. ಕೆಲಸ ಬೇರೆ, ದರ ಬೇರೆ. ಆದರೂ ಇವು ಒಂದೇ ಪುಟಕ್ಕೆ ಸೇರಬೇಕು. ಏಕೆಂದರೆ ಫೋನ್ ಮಾಡುವ ರೈತ ‘ಫ್ಲಶಿಂಗ್ ಮಾಡ್ತೀರಾ’ ಎಂದು ಕೇಳುವುದಕ್ಕಿಂತ ಹೆಚ್ಚಾಗಿ ‘ನೀರು ಕಡಿಮೆ ಬರ್ತಾ ಇದೆ, ಏನು ಮಾಡೋದು, ಹೊಸದೇ ಕೊರೆಸಬೇಕಾ?’ ಎನ್ನುತ್ತಾನೆ. ಮೂರರಲ್ಲಿ ತನಗೆ ಯಾವುದು ಬೇಕೆಂದು ತಿಳಿದಿದ್ದರೆ ಅವನಿಗೆ ಪುಟವೇ ಬೇಕಿರಲಿಲ್ಲ. ಉತ್ತರ ಕೊಡುವುದು ಹೀಗೆ: ಮೋಟಾರ್ ಎತ್ತಿದ ಮೇಲೆ ಹಗ್ಗಕ್ಕೆ ತೂಕ ಕಟ್ಟಿ ಇಳಿಸಿ ಆಳ ಅಳೆಯಬೇಕು. ಕೊರೆಸಿದಾಗ 450 ಅಡಿ ಇದ್ದದ್ದು ಈಗ 380ಕ್ಕೇ ನಿಂತರೆ 70 ಅಡಿ ಕೆಸರು ತುಂಬಿದೆ, ಫ್ಲಶಿಂಗ್‌ನಿಂದ ಉಪಯೋಗವಾಗಬಹುದು. ಆಳ ಹಾಗೇ ಇದ್ದು ನೀರಿನ ಮಟ್ಟವೇ ಕೆಳಗಿಳಿದಿದ್ದರೆ ಫ್ಲಶಿಂಗ್‌ಗೆ ಕೊಟ್ಟ ಹಣ ವ್ಯರ್ಥ, ಆಳ ಹೆಚ್ಚಿಸುವ ಮಾತು ಆಗ ಬರುತ್ತದೆ. ಕೇಸಿಂಗ್ ತುಕ್ಕು ಹಿಡಿದು ಕುಸಿದಿದ್ದರೆ ಅಥವಾ ಬೋರ್ ವಾರೆಯಾಗಿದ್ದರೆ ರೀಬೋರ್ ಕೂಡ ಕೈಗೂಡುವುದಿಲ್ಲ, ಹೊಸದೇ ಗತಿ. ಈ ನಿರ್ಣಯದ ಕ್ರಮ ಒಂದೇ ಪುಟದಲ್ಲಿ ಇದ್ದಾಗ ಮಾತ್ರ ಉತ್ತರವಾಗುತ್ತದೆ, ಮೂರು ಪುಟಕ್ಕೆ ಹಂಚಿದರೆ ಪ್ರತಿ ಪುಟವೂ ತನ್ನ ಸೇವೆಯೇ ಸರಿ ಎಂದು ಹೇಳುತ್ತ ನಿಲ್ಲುತ್ತದೆ. ಸೇವೆಯ ಹೆಸರಿಗೊಂದು ಪುಟ ಎಂಬ ಪದ್ಧತಿ ಸೋಲುವುದು ಇಲ್ಲಿಯೇ.

ಮೋಟಾರ್ ಎತ್ತುವ ಪುಟ ಹಾಗೆಯೇ ಬೇರೆ ಉಳಿಯಬೇಕು. ಅದನ್ನು ಹುಡುಕುವವನ ಮೋಟಾರ್ ಒಳಗೆ ಸಿಕ್ಕಿಕೊಂಡಿದೆ, ತೋಟ ಒಣಗುತ್ತಿದೆ. ಕೇಬಲ್ ಹಿಡಿದು ಜಗ್ಗಬೇಡಿ, ತುಂಡಾದರೆ ಎತ್ತುವುದು ಇನ್ನೂ ಕಷ್ಟ ಎಂಬ ಎಚ್ಚರಿಕೆ ಮತ್ತು ಫೋನ್ ನಂಬರ್ ಅವನಿಗೆ ಮೊದಲ ಸಾಲಿನಲ್ಲೇ ಸಿಗಬೇಕು. ಪಾಯಿಂಟ್ ಹಾಕಿಸುವ ಪ್ರಶ್ನೆ ಬರುವುದು ಕೊರೆಸುವ ಮುಂಚೆ, ಅದೂ ಬೇರೆ.

ಕೆಲಸದ ನಾಲ್ಕು ಪುಟಗಳಲ್ಲಿ ಮೊದಲ ಎರಡು ಒಂದೇ ಎಂಬುದರಲ್ಲಿ ಸಂಶಯವಿಲ್ಲ. ಕೃಷಿ ಬೋರ್‌ವೆಲ್ ಪುಟದಲ್ಲಿದ್ದ ತ್ರೀ ಫೇಸ್ ಮೋಟಾರಿನ ಒಂದು ಪ್ಯಾರಾವನ್ನು ಕೊರೆತದ ಪುಟಕ್ಕೆ ಸೇರಿಸಿದರೆ ಅದರಲ್ಲಿ ಬೇರೇನೂ ಉಳಿಯುವುದಿಲ್ಲ. ಮನೆ ಬೋರ್‌ವೆಲ್ ಪುಟಕ್ಕೆ ಮಾತ್ರ ತನ್ನದೇ ಆದ ಪ್ರಶ್ನೆಯಿದೆ: ‘ನಮ್ಮ ರಸ್ತೆಗೆ ಲಾರಿ ಬರುತ್ತಾ? ಪಕ್ಕದ ಮನೆಗೆ ತೊಂದರೆ ಆಗುತ್ತಾ?’ ರಿಗ್ ಲಾರಿಗೆ ಬೇಕಾದ ಅಗಲ, ಮೇಲೆ ಹಾದುಹೋಗುವ ವಿದ್ಯುತ್ ತಂತಿ, ಹೊರಬರುವ ಕೆಸರು ನೀರಿನ ದಾರಿ ಇವೆಲ್ಲ ಹೊಲದಲ್ಲಿ ಕೊರೆಸುವವನಿಗೆ ಬೇಡದ ವಿಷಯ. ಆ ಪುಟ ಇರಲಿ, ಆದರೆ ಶೀರ್ಷಿಕೆ ಈ ಪ್ರಶ್ನೆಯನ್ನೇ ಹೇಳಲಿ.

ಊರಿನ ಪುಟಗಳಲ್ಲಿ ತಿಪಟೂರು, ಶಿರಾ, ಗುಬ್ಬಿಯ ಮೂರೂ ಊರ ಹೆಸರು ಬದಲಿಸಿ ನಕಲು ಮಾಡಿದವು. ಇಂಥ ಪುಟಗಳನ್ನು ಗೂಗಲ್‌ನ ನಿಯಮಗಳು ‘ಡೋರ್‌ವೇ’ ಎಂದು ಕರೆದು ನಿಷೇಧಿಸುತ್ತವೆ. ಇವು ಕೊರೆತದ ಪುಟದಲ್ಲಿ, ಸಂಸ್ಥೆ ಯಾವ ಯಾವ ತಾಲ್ಲೂಕಿಗೆ ಬರುತ್ತದೆ ಎಂಬ ಒಂದು ಸಾಲಾಗಿ ಸೇರಬೇಕು. ಪಾವಗಡದ ಕಥೆ ಬೇರೆ. ಅಲ್ಲಿನ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ನೀರು ಬಿದ್ದ ಮೇಲೂ ‘ಕುಡಿಯಬಹುದಾ, ಎಲ್ಲಿ ಪರೀಕ್ಷೆ ಮಾಡಿಸಬೇಕು’ ಎಂಬ ಪ್ರಶ್ನೆ ಅಲ್ಲಿಯವರಿಗೆ ಉಳಿಯುತ್ತದೆ. ಉತ್ತರ ಬದಲಾಗುವುದರಿಂದ ಪುಟವೂ ಇರಬೇಕು.

ಈ ಕೆಲಸ ಮುಗಿದಾಗ 18ರಲ್ಲಿ 10 ಹೋಗಿ 8 ಉಳಿಯುತ್ತವೆ. ಇಷ್ಟರ ಮೇಲೆ ಕರೆಗಳ ಪಟ್ಟಿಯನ್ನು ತೆರೆದರೆ, ಪದೇ ಪದೇ ಬಂದಿದ್ದೂ ಯಾವ ಪುಟಕ್ಕೂ ಸೇರದ ಒಂದು ಪ್ರಶ್ನೆ ಕಾಣುತ್ತದೆ: ‘ಪರ್ಮಿಶನ್ ಬೇಕಾ?’ ಕರ್ನಾಟಕದ 2011ರ ಅಂತರ್ಜಲ ಕಾಯ್ದೆಯಂತೆ ಅಧಿಸೂಚಿತ ಪ್ರದೇಶಗಳಲ್ಲಿ ಕೊರೆಸಲು ಅಂತರ್ಜಲ ಪ್ರಾಧಿಕಾರದ ಅನುಮತಿ ಬೇಕು. ದರದ ಬಗ್ಗೆ ನಾಲ್ಕು ಪುಟ ಮಾಡಿದ ಸಂಸ್ಥೆ ಈ ಬಗ್ಗೆ ಒಂದೂ ಮಾಡಿರಲಿಲ್ಲ. ನಕಲು ಮತ್ತು ಕೊರತೆ ಒಂದೇ ತಾಣದಲ್ಲಿ ಹೀಗೆ ಜೊತೆಯಾಗಿಯೇ ಇರುತ್ತವೆ, ಎರಡಕ್ಕೂ ಕಾರಣ ಒಂದೇ: ಪುಟಗಳನ್ನು ಗ್ರಾಹಕನ ಪ್ರಶ್ನೆಯ ಬದಲು ಸೇವೆಯ ಹೆಸರಿನಿಂದ ಎಣಿಸಿದ್ದು.

ಪ್ರಶ್ನೆಗಳ ದಫ್ತರು ಮತ್ತು ಪುಟದ ಎಲ್ಲೆ

ನಿರ್ಣಯಗಳನ್ನು ಒಂದು ಹಾಳೆಯಲ್ಲಿ ಬರೆದಿಡುವುದು ಮುಖ್ಯ. ಪ್ರತಿ ಸಾಲಿನಲ್ಲಿ ಪ್ರಶ್ನೆ, ಅದನ್ನು ಕೇಳುವವರು ಯಾರು, ಒಂದು ವಾಕ್ಯದ ಉತ್ತರ, ಪುಟದ ವಿಳಾಸ, ಕೊನೆಯ ಬಾರಿ ತಿದ್ದಿದ ದಿನ ಇರುತ್ತವೆ. ಇವೆಲ್ಲಕ್ಕಿಂತ ಉಪಯುಕ್ತವಾದ ಕಲಂ ಇನ್ನೊಂದಿದೆ, ಅದನ್ನೇ ಬಹಳಷ್ಟು ಜನ ಬಿಡುತ್ತಾರೆ: ಈ ಪುಟ ಉತ್ತರಿಸದ ಪಕ್ಕದ ಪ್ರಶ್ನೆ ಯಾವುದು, ಅದು ಯಾವ ಪುಟದಲ್ಲಿದೆ. ದರದ ಪುಟದ ಸಾಲಿನಲ್ಲಿ ‘ಹಳೆ ಬೋರಿನ ಫ್ಲಶಿಂಗ್ ದರ ಇಲ್ಲಿಲ್ಲ, ನೀರು ಕಡಿಮೆಯಾದ ಪುಟದಲ್ಲಿದೆ’ ಎಂದು ಬರೆದಿದ್ದರೆ, ಆರು ತಿಂಗಳ ನಂತರ ಬೇರೊಬ್ಬರು ದರದ ಪುಟಕ್ಕೆ ಫ್ಲಶಿಂಗ್ ವಿಷಯ ತುರುಕುವುದು ತಪ್ಪುತ್ತದೆ. ಪುಟದ ಒಳಗೂ ಈ ಎಲ್ಲೆ ಕಾಣಬೇಕು. ವಿಷಯ ಪಕ್ಕದ ಪ್ರಶ್ನೆಗೆ ತಾಗುವ ಕಡೆ ಒಂದು ವಾಕ್ಯ, ಅದರೊಳಗೆ ಆ ಪ್ರಶ್ನೆಯ ಮಾತುಗಳಲ್ಲೇ ಒಂದು ಲಿಂಕ್ ಕೊಟ್ಟರೆ ಸಾಕು. ‘ಇಲ್ಲಿ ಕ್ಲಿಕ್ ಮಾಡಿ’ ಎಂಬ ಲಿಂಕ್ ಓದುಗನಿಗೂ ಯಂತ್ರಕ್ಕೂ ಏನನ್ನೂ ಹೇಳುವುದಿಲ್ಲ.

ಪುಟದ ರಚನೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಶೀರ್ಷಿಕೆ ಪ್ರಶ್ನೆಯನ್ನು ಹೇಳುತ್ತದೆ, ಮೊದಲ ಎರಡು ಮೂರು ವಾಕ್ಯ ಉತ್ತರವನ್ನು ಕೊಡುತ್ತವೆ, ಉತ್ತರ ಬದಲಾಗುವ ಸಂದರ್ಭಗಳು ಆಮೇಲೆ ಬರುತ್ತವೆ. ವಿಳಾಸ, ಫೋನ್ ನಂಬರ್, ಗ್ಯಾರಂಟಿಯ ಷರತ್ತು ಎಲ್ಲ ಪುಟದಲ್ಲೂ ಒಂದೇ ಇದ್ದರೆ ಅದು ನಕಲು ಎಂದು ಹೆದರುವ ಕಾರಣವಿಲ್ಲ. ಒಂದೇ ಮಾತು ಎರಡು ಕಡೆ ಇದ್ದರೆ ಗೂಗಲ್ ದಂಡ ಹಾಕುತ್ತದೆ ಎಂಬ ನಂಬಿಕೆಯೂ ತಪ್ಪು. ವಂಚಿಸುವ ಉದ್ದೇಶ ಇಲ್ಲದಿದ್ದರೆ ಅದು ಪುಟಗಳಲ್ಲಿ ಒಂದನ್ನು ಆರಿಸಿಕೊಂಡು ಉಳಿದದ್ದನ್ನು ಬದಿಗಿಡುತ್ತದೆ, ಅಷ್ಟೆ. ನಷ್ಟವಾಗುವುದು ಅದು ಆರಿಸಿಕೊಂಡದ್ದು ನಾವು ಬಯಸಿದ ಪುಟವಾಗಿರದಿದ್ದಾಗ.

ಪೈಪೋಟಿಯನ್ನು ಗುರುತಿಸುವುದು

ಸರ್ಚ್ ಕನ್ಸೋಲ್‌ನ Performance ವರದಿಯಲ್ಲಿ ಒಂದು ಹುಡುಕಾಟವನ್ನು ಆರಿಸಿ Pages ಪಟ್ಟಿಯನ್ನು ತೆರೆದರೆ ಆ ಹುಡುಕಾಟಕ್ಕೆ ನಮ್ಮ ಯಾವ ಯಾವ ಪುಟಗಳು ಕಾಣಿಸಿಕೊಂಡವು ಎಂದು ತಿಳಿಯುತ್ತದೆ. ಎರಡು ಪುಟ ಕಂಡವೆಂದು ಕೂಡಲೇ ಕತ್ತರಿ ಹಿಡಿಯಬಾರದು. ಸಂಸ್ಥೆಯ ಹೆಸರನ್ನೇ ಹುಡುಕಿದಾಗ ಹಲವು ಪುಟ ಬರುವುದು ಸಹಜ, ಒಳ್ಳೆಯದೂ ಹೌದು. ತೊಂದರೆಯ ಗುರುತು ಬೇರೆ. ಒಂದು ವಾರ ದರದ ಪುಟ ಬಂದು ಮುಂದಿನ ವಾರ ಅದು ಮಾಯವಾಗಿ ತುಮಕೂರು ದರದ ಪುಟ ಬರುವುದು, ಹೀಗೆ ಎರಡೂ ಅದಲುಬದಲಾಗುತ್ತ ಯಾವುದೂ ಮೇಲೇರದೆ ಇರುವುದು ಒಂದು. ದರ ಕೇಳಿದವನಿಗೆ ದರವಿಲ್ಲದ ಕೃಷಿ ಬೋರ್‌ವೆಲ್ ಪುಟ ಸಿಗುವುದು ಇನ್ನೊಂದು. ಎರಡನೆಯದು ಅಂಕಿಗಳಲ್ಲಿ ಚೆನ್ನಾಗಿಯೇ ಕಾಣಬಹುದು, ಕ್ಲಿಕ್ ಬರುತ್ತಿರುತ್ತವೆ. ಬಂದವರು ಫೋನ್ ಮಾಡಿ ಪುಟದಲ್ಲಿ ಇರಬೇಕಾಗಿದ್ದನ್ನೇ ಕೇಳುತ್ತಿದ್ದಾರೆ ಎಂಬುದರಿಂದಷ್ಟೇ ಅದು ತಿಳಿಯುತ್ತದೆ. ಪುಟಗಳ ಸೂಚೀಕರಣದ ವರದಿಯಲ್ಲಿ ಬರುವ `Duplicate, Google chose different canonical than user` ಎಂಬ ಸಾಲು, ನಾವು ಬೇರೆಯೆಂದುಕೊಂಡ ಪುಟಗಳನ್ನು ಯಂತ್ರ ಒಂದೇ ಎಂದುಕೊಂಡಿದೆ ಎಂಬುದಕ್ಕೆ ನೇರ ಸಾಕ್ಷಿ.

ಕೂಡಿಸುವ ಕೆಲಸ

ಕೂಡಿಸುವಾಗ ಯಾವ ವಿಳಾಸ ಉಳಿಯಬೇಕು ಎಂಬುದು ಮೊದಲ ತೀರ್ಮಾನ. ಚೆಂದದ ವಿಳಾಸಕ್ಕಿಂತ, ಹೊರಗಿನ ತಾಣಗಳಿಂದ ಹೆಚ್ಚು ಲಿಂಕ್ ಪಡೆದದ್ದು, ಹೆಚ್ಚು ಜನ ಬಂದಿಳಿಯುವುದು ಉಳಿಯಲಿ. ಮಿಕ್ಕ ಪುಟಗಳಲ್ಲಿ ಬೇರೆಲ್ಲೂ ಇಲ್ಲದ ಒಳ್ಳೆಯ ಪ್ಯಾರಾಗಳಿದ್ದರೆ ಅವನ್ನು ಉಳಿಯುವ ಪುಟಕ್ಕೆ ಮೊದಲು ತರಬೇಕು. ಆಮೇಲೆ ಹಳೆಯ ವಿಳಾಸಗಳನ್ನು ಶಾಶ್ವತವಾಗಿ ತಿರುಗಿಸಬೇಕು. ಅಪಾಚೆ ಸರ್ವರ್ ಆದರೆ ಹೀಗೆ:

```
Redirect 301 /tumakuru-borewell-rate/ https://example.com/borewell-rate/
Redirect 301 /casing-pipe/ https://example.com/borewell-rate/
```

ತೆಗೆದ ಪುಟಗಳನ್ನೆಲ್ಲ ಮುಖಪುಟಕ್ಕೆ ತಿರುಗಿಸಿ ಕೈತೊಳೆದುಕೊಳ್ಳುವುದು ಸಾಮಾನ್ಯವಾದ ತಪ್ಪು. ಕೇಸಿಂಗ್ ಬಗ್ಗೆ ಕೇಳಿದವನನ್ನು ಮುಖಪುಟಕ್ಕೆ ಕಳಿಸಿದರೆ ಗೂಗಲ್ ಅದನ್ನು ಪುಟ ಸಿಗಲಿಲ್ಲ ಎಂದೇ ಲೆಕ್ಕಹಾಕುತ್ತದೆ, ಹಳೆಯ ಲಿಂಕ್‌ಗಳ ಬಲವೂ ಹೋಗುತ್ತದೆ. ತಾಣದ ಒಳಗಿನ ಲಿಂಕ್‌ಗಳು, ಮೆನು, ಸೈಟ್‌ಮ್ಯಾಪ್ ಇವೆಲ್ಲವೂ ನೇರವಾಗಿ ಹೊಸ ವಿಳಾಸವನ್ನೇ ತೋರಿಸಬೇಕು. ಈ ತಿರುವುಗಳನ್ನು ಕನಿಷ್ಠ ಒಂದು ವರ್ಷ ಇಟ್ಟಿರಬೇಕೆಂದು ಗೂಗಲ್ ಹೇಳುತ್ತದೆ, ಸಾಧ್ಯವಾದರೆ ಎಂದೂ ತೆಗೆಯದಿರುವುದು ಒಳ್ಳೆಯದು. ಕೂಡಿಸಿದ ಮೇಲೆ ಕೆಲವು ವಾರ ಸ್ಥಾನ ಏರಿಳಿಯುವುದುಂಟು, ಆ ಅವಧಿಯಲ್ಲಿ ಗಾಬರಿಯಾಗಿ ಹಳೆಯ ಪುಟಗಳನ್ನು ಮತ್ತೆ ಹಾಕಿದರೆ ಎರಡು ಕಡೆಯ ಕೆಲಸವೂ ಕೆಡುತ್ತದೆ.

ಕ್ಯಾನೊನಿಕಲ್ ಗುರುತು ಬೇರೆ ಕೆಲಸಕ್ಕೆ ಇರುವಂಥದ್ದು. 2009ರ ಫೆಬ್ರವರಿಯಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಒಟ್ಟಾಗಿ ಪ್ರಕಟಿಸಿದ ಇದು, ಒಂದೇ ಪುಟ ಹಲವು ವಿಳಾಸದಲ್ಲಿ ತೆರೆದುಕೊಳ್ಳುವಾಗ ಮೂಲ ಯಾವುದೆಂದು ಸೂಚಿಸುತ್ತದೆ. ಜಾಹೀರಾತಿನಿಂದ ಬಂದವರನ್ನು ಎಣಿಸಲು ವಿಳಾಸದ ಕೊನೆಗೆ ಬಾಲ ಸೇರಿಸಿದಾಗ, ಅಥವಾ ಮುದ್ರಣಕ್ಕೆ ಬೇರೆ ಪ್ರತಿ ಇದ್ದಾಗ ಅದು ಬೇಕು. ಅದು ಸೂಚನೆಯೇ ಹೊರತು ಆಜ್ಞೆಯಲ್ಲ. ಅರ್ಧ ಹೋಲುವ ಎರಡು ಸೇವಾಪುಟಗಳನ್ನು ಹಾಗೆಯೇ ಇಟ್ಟುಕೊಂಡು ಒಂದರಿಂದ ಇನ್ನೊಂದಕ್ಕೆ ಈ ಗುರುತು ಹಾಕಿದರೆ ಯಂತ್ರ ಅದನ್ನು ಕಡೆಗಣಿಸಬಹುದು. ಕೂಡಿಸುವ ಶ್ರಮ ತಪ್ಪಿಸಿಕೊಳ್ಳಲು ಇದನ್ನು ಬಳಸುವವರಿಗೆ ಹೆಚ್ಚಾಗಿ ನಿರಾಶೆಯೇ ಆಗುತ್ತದೆ.

ಕನ್ನಡದಲ್ಲಿ ಬರುವ ವಿಶೇಷ ತೊಡಕುಗಳು

ಒಂದೇ ಪ್ರಶ್ನೆಯನ್ನು ಕನ್ನಡಿಗರು ಹಲವು ರೂಪದಲ್ಲಿ ಬೆರಳಚ್ಚಿಸುತ್ತಾರೆ. ಬೋರ್‌ವೆಲ್, ಬೋರ್ವೆಲ್, ಬೋರವೆಲ್, ಕೊಳವೆಬಾವಿ, ಕೊಳವೆ ಬಾವಿ ಎಂದು ಕನ್ನಡ ಲಿಪಿಯಲ್ಲಿ, `borewell adige eshtu` ಎಂದು ರೋಮನ್ ಲಿಪಿಯಲ್ಲಿ, `borewell rate per foot` ಎಂದು ಇಂಗ್ಲಿಷಿನಲ್ಲಿ. ಕಾಗುಣಿತಕ್ಕೊಂದು ಪುಟ ಮಾಡುವುದು ಪದದ ಬೆನ್ನು ಹತ್ತಿದ ಹಳೆಯ ದಾರಿಗೆ ಮರಳಿದಂತೆ. ಒಂದೇ ಪುಟದಲ್ಲಿ ಜನ ಹೆಚ್ಚು ಬಳಸುವ ರೂಪವನ್ನು ಶೀರ್ಷಿಕೆಗೆ ಇಟ್ಟು, ಇನ್ನೊಂದನ್ನು ಮೊದಲ ಪ್ಯಾರಾದಲ್ಲಿ ಸಹಜವಾಗಿ ತಂದರೆ ಸಾಕು. ತಪ್ಪು ಕಾಗುಣಿತಗಳನ್ನು ಬೇಕೆಂದೇ ಬರೆಯುವ ಅಗತ್ಯವಿಲ್ಲ.

ಕನ್ನಡ ಪುಟ ಮತ್ತು ಅದರ ಇಂಗ್ಲಿಷ್ ರೂಪ ಪರಸ್ಪರ ನಕಲುಗಳಲ್ಲ. ಪ್ರಶ್ನೆ ಒಂದೇ ಆದರೂ ಓದುಗರು ಬೇರೆ. ಇವೆರಡು ಜೋಡಿ ಎಂದು ಯಂತ್ರಕ್ಕೆ ತಿಳಿಸಲು ಎರಡೂ ಪುಟಗಳಲ್ಲಿ ಈ ಸಾಲುಗಳಿರಬೇಕು. ಒಂದರಲ್ಲಿ ಮಾತ್ರ ಇದ್ದರೆ ಅದಕ್ಕೆ ಬೆಲೆಯಿಲ್ಲ:

```
<link rel="alternate" hreflang="kn" href="https://example.com/kn/borewell-rate/">
<link rel="alternate" hreflang="en" href="https://example.com/en/borewell-rate/">
```

ವಿಳಾಸವನ್ನೇ ಕನ್ನಡ ಲಿಪಿಯಲ್ಲಿ ಇಟ್ಟರೆ ಕಣ್ಣಿಗೆ ಕಾಣದ ನಕಲುಗಳು ಹುಟ್ಟಬಹುದು. ‘ಬೋರ್‌ವೆಲ್’ ಎಂದು ಬರೆಯುವಾಗ ರ್ ಮತ್ತು ವೆ ಕೂಡಿ ಒತ್ತಕ್ಷರವಾಗದಂತೆ ನಡುವೆ ಅದೃಶ್ಯವಾದ ಒಂದು ಯೂನಿಕೋಡ್ ಚಿಹ್ನೆ (U+200C) ಇರುತ್ತದೆ. ಅದು ಇರುವ ವಿಳಾಸ, ಇಲ್ಲದ ವಿಳಾಸ ಯಂತ್ರದ ಪಾಲಿಗೆ ಎರಡು. ಓತ್ವದ ಚಿಹ್ನೆಯನ್ನೂ ಒಂದೇ ಸಂಕೇತವಾಗಿ ಅಥವಾ ಬಿಡಿ ಸಂಕೇತಗಳ ಜೋಡಣೆಯಾಗಿ ಬರೆಯಲು ಸಾಧ್ಯ, ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಇದಲ್ಲದೆ ವಿಳಾಸವನ್ನು ನಕಲಿಸಿ ವಾಟ್ಸಾಪ್‌ಗೆ ಅಂಟಿಸಿದಾಗ ಕನ್ನಡದ ಒಂದೊಂದು ಸಂಕೇತವೂ `%E0%B2%AC` ಎಂಬಂಥ ಒಂಬತ್ತು ಅಕ್ಷರವಾಗಿ ಹಿಗ್ಗುವುದುಂಟು. ಹಾಗಾಗಿ ವಿಳಾಸಕ್ಕೆ ಚಿಕ್ಕ ರೋಮನ್ ರೂಪವನ್ನೂ, ಶೀರ್ಷಿಕೆಗೆ ಮತ್ತು ಬರಹಕ್ಕೆ ಕನ್ನಡವನ್ನೂ ಇಡುವುದು ಸದ್ಯಕ್ಕೆ ನಿರಾಳವಾದ ದಾರಿ.

ನಿರ್ವಹಣೆ

ಕೂಡಿಸಿದ ತಾಣ ಮತ್ತೆ ಹರಡಿಕೊಳ್ಳುವುದು ಹೊಸ ಪುಟಗಳ ಬೇಡಿಕೆಯಿಂದ. ಹೊಸ ಯಂತ್ರ ಬಂತು, ಹೊಸ ಶಾಖೆ ತೆರೆಯಿತು, ಎದುರಾಳಿಯ ತಾಣದಲ್ಲಿ ಅಂಥ ಪುಟವಿದೆ ಎಂದು ಕೋರಿಕೆ ಬರುತ್ತದೆ. ಆಗ ಕೋರಿದವರಿಂದ ಪುಟದ ಹೆಸರಿನ ಬದಲು ಗ್ರಾಹಕನ ಪ್ರಶ್ನೆಯನ್ನು ಬರೆಸಿಕೊಂಡು ದಫ್ತರಿನ ಸಾಲುಗಳೊಡನೆ ಹೋಲಿಸಬೇಕು. ಪ್ರಶ್ನೆ ಈಗಾಗಲೇ ಇದ್ದರೆ ಇರುವ ಪುಟ ತಿದ್ದುಪಡಿಯಾಗುತ್ತದೆ, ಇಲ್ಲದಿದ್ದರೆ ಹೊಸ ಸಾಲು ಮತ್ತು ಹೊಸ ಪುಟ. ಒಂದು ಪುಟ ಬೆಳೆಯುತ್ತ ಬೆಳೆಯುತ್ತ ತನ್ನೊಳಗೆ ಎರಡನೆಯ ಪ್ರಶ್ನೆಯನ್ನು ಸಾಕಿಕೊಳ್ಳುವುದೂ ಉಂಟು. ನೀರು ಕಡಿಮೆಯಾದ ಪುಟಕ್ಕೆ ಮಳೆನೀರು ಇಂಗಿಸಿ ಬೋರ್ ರೀಚಾರ್ಜ್ ಮಾಡುವ ಬಗ್ಗೆ ಒಂದು ಪ್ಯಾರಾ ಸೇರಿ, ಕೇಳುವವರು ಹೆಚ್ಚಿ, ಅದು ಎರಡು ಪುಟದಷ್ಟಾದರೆ ಆಗ ಬೇರ್ಪಡಿಸಬೇಕು. ರೀಚಾರ್ಜ್‌ಗೆ ಉತ್ತರವೂ ಮುಂದಿನ ಕೆಲಸವೂ ಬೇರೆ, ಗುಂಡಿ ತೋಡಿ ಜಲ್ಲಿ ತುಂಬುವ ಆ ಕೆಲಸ ಮಾಡಿಸಬೇಕಾದದ್ದು ಮಳೆಗಾಲಕ್ಕೆ ಮುಂಚೆ.

ದರದಂತೆ ವರ್ಷವರ್ಷ ಬದಲಾಗುವ ಉತ್ತರಕ್ಕೆ ವರ್ಷಕ್ಕೊಂದು ಪುಟ ತೆರೆಯುವ ಅಭ್ಯಾಸದಿಂದಲೇ ಅನೇಕ ತಾಣಗಳು ಮತ್ತೆ ಹಳೆಯ ಸ್ಥಿತಿಗೆ ಬೀಳುತ್ತವೆ. ಹಿಂದಿನ ವರ್ಷದ ಪುಟಕ್ಕೆ ಲಿಂಕ್‌ಗಳಿರುತ್ತವೆ, ಜನರೂ ಅಲ್ಲಿಗೇ ಹೋಗುತ್ತಾರೆ, ಹಳೆಯ ದರ ನೋಡಿ ಬಂದು ಜಗಳವಾಡುತ್ತಾರೆ. ವಿಳಾಸದಲ್ಲಿ ವರ್ಷವನ್ನು ಸೇರಿಸದೆ `/borewell-rate/` ಎಂದಷ್ಟೇ ಇಟ್ಟು, ಅದೇ ಪುಟದಲ್ಲಿ ಅಂಕಿಗಳನ್ನು ಬದಲಿಸಿ, ಯಾವ ದಿನದಿಂದ ಆ ದರ ಜಾರಿಯಲ್ಲಿದೆ ಎಂದು ಮೇಲೆಯೇ ಬರೆಯಬೇಕು. ಡೀಸೆಲ್ ಬೆಲೆ ಏರಿದಾಗ ಕೊರೆತದ ದರವೂ ಏರುವುದರಿಂದ ಈ ಒಂದು ಪುಟವನ್ನು ಮಾತ್ರ ವರ್ಷಕ್ಕೊಮ್ಮೆ ನೋಡಿದರೆ ಸಾಲದು, ದರ ಬದಲಾದ ದಿನವೇ ತಿದ್ದಬೇಕು.